ನೋಡಿದ ದಿನಾಂಕ ಬರೆದರೆ ಸಾಕೆ?

ಮಕ್ಕಳಿಗೆ ಹಿಂಸಾತ್ಮಕ ವಿಡಿಯೊ ಗೇಮ್ ಮಾರುವುದನ್ನು ನಿಷೇಧಿಸಿದ್ದ ಕ್ಯಾಲಿಫೋರ್ನಿಯಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ರದ್ದು ಮಾಡಿತು. ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಪ್ರತ್ಯೇಕವಾಗಿ ಬರೆದ ಅಭಿಪ್ರಾಯದ ಅಡಿಟಿಪ್ಪಣಿಯೊಂದರಲ್ಲಿ ಒಂದು ವೆಬ್ ವಿಳಾಸ ಕೊಟ್ಟಿದ್ದರು. 2013ರ ಹೊತ್ತಿಗೆ ಆ ಪುಟ ಮಾಯವಾಗಿ, ವಿಳಾಸ ಇನ್ನಾರದೋ ಕೈಸೇರಿತ್ತು. ಅಲ್ಲಿಗೆ ಹೋದವರಿಗೆ ಕಾಣುತ್ತಿದ್ದದ್ದು ಒಂದು ಕುಚೋದ್ಯದ ಸಂದೇಶ: ಅಲಿಟೊ ಅವರಂತೆ ನೀವೂ ಈ ಪುಟವನ್ನು ಆಕರವಾಗಿ ಕೊಟ್ಟಿಲ್ಲ ತಾನೇ, ಸದ್ಯ ಬಚಾವಾದಿರಿ ಎಂಬ ಅರ್ಥದ್ದು. ಅದೇ ಸುಮಾರಿಗೆ ಹಾರ್ವರ್ಡ್‌ನ ಜೊನಾಥನ್ ಜಿಟ್ರೇನ್ ಮತ್ತು ಸಂಗಡಿಗರು ಆ ಕೋರ್ಟಿನ ತೀರ್ಪುಗಳಲ್ಲಿದ್ದ ಲಿಂಕ್‌ಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ಅರ್ಧದಷ್ಟು ಮೂಲ ಮಾಹಿತಿಗೆ ಕರೆದೊಯ್ಯುತ್ತಿರಲಿಲ್ಲ.

ಅಲಿಟೊ ಅವರು ಪುಟ ನೋಡಿದ ದಿನಾಂಕವನ್ನು ಎಷ್ಟೇ ಸ್ಪಷ್ಟವಾಗಿ ನಮೂದಿಸಿದ್ದರೂ ಓದುಗನಿಗೆ ಆ ಪುಟ ಸಿಗುತ್ತಿರಲಿಲ್ಲ. ನೋಡಿದ ದಿನಾಂಕ ಬರೆದವನ ಮಾತು, ಅಷ್ಟೆ. ನಂಬಬಹುದು, ಪರೀಕ್ಷಿಸಲು ಬರುವುದಿಲ್ಲ. ಆರ್ಕೈವ್ ಲಿಂಕ್ ಆದರೆ ಆ ಹೊತ್ತಿನ ಪುಟದ ಪ್ರತಿಯನ್ನೇ ಓದುಗನ ಮುಂದಿಡುತ್ತದೆ. ಈ ವ್ಯತ್ಯಾಸ ತಿಳಿದರೆ ಉಲ್ಲೇಖ ಶೈಲಿಗಳ ನಿಯಮಗಳು ಅಷ್ಟೇನೂ ಗೊಂದಲ ಹುಟ್ಟಿಸುವುದಿಲ್ಲ.

ಸಂಶೋಧನಾ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಎಪಿಎ ಶೈಲಿಯ 7ನೇ ಆವೃತ್ತಿ ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ. ಪುಟ ಬದಲಾಗುತ್ತಲೇ ಇರಬೇಕೆಂದು ರೂಪಿಸಿದ್ದಾಗಿದ್ದು, ಅದರ ಆರ್ಕೈವ್ ಪ್ರತಿಯೂ ಇಲ್ಲದಿದ್ದರೆ ಮಾತ್ರ ನೋಡಿದ ದಿನಾಂಕ ಬೇಕು. ದಿನಾಂಕವಿರುವ ಪತ್ರಿಕಾ ವರದಿಗಾಗಲಿ, ಡಿಒಐ ಇರುವ ಸಂಶೋಧನಾ ಲೇಖನಕ್ಕಾಗಲಿ ಬೇಡ. ಅಮೆರಿಕದ ಜನಗಣತಿ ಸಂಸ್ಥೆಯ ಜನಸಂಖ್ಯಾ ಗಡಿಯಾರವನ್ನು ನೋಡಿ. ಅಲ್ಲಿನ ಅಂಕಿ ಕಣ್ಣೆದುರೇ ಏರುತ್ತಿರುತ್ತದೆ. ಅದನ್ನು ಹೀಗೆ ಬರೆಯಬೇಕು:

```
U.S. Census Bureau. (n.d.). U.S. and world
population clock. U.S. Department of Commerce.
Retrieved August 16, 2024, from
https://www.census.gov/popclock/
```

ಎಂಎಲ್‌ಎ ಹಿಂದೆ ನೋಡಿದ ದಿನಾಂಕವನ್ನು ಕಡ್ಡಾಯವಾಗಿ ಕೇಳುತ್ತಿತ್ತು. 2016ರ 8ನೇ ಆವೃತ್ತಿಯಿಂದ ಅದು ಐಚ್ಛಿಕ. ಪುಟದಲ್ಲಿ ಪ್ರಕಟಣೆಯ ದಿನಾಂಕವಾಗಲಿ ಪರಿಷ್ಕರಣೆಯ ದಿನಾಂಕವಾಗಲಿ ಇಲ್ಲದಿದ್ದರೆ ಕೊಡಿ ಎನ್ನುತ್ತದೆ ಶಿಕಾಗೊ. ಹಾರ್ವರ್ಡ್ ಮಾದರಿ, ವ್ಯಾಂಕೂವರ್ ಮತ್ತು ಐಇಇಇ ಮಾತ್ರ ವೆಬ್ ಪುಟಗಳಿಗೆ ಸಾಮಾನ್ಯವಾಗಿ ದಿನಾಂಕ ಕೇಳುತ್ತವೆ. ಮಾರ್ಗದರ್ಶಕರೋ ಪತ್ರಿಕೆಯೋ ಕೇಳಿದರೆ ಕೊಟ್ಟುಬಿಡಿ, ವಾದ ಬೇಡ. ಆದರೆ ಅಷ್ಟಕ್ಕೇ ಆಕರ ಭದ್ರವಾಯಿತು ಎಂದುಕೊಳ್ಳಬೇಡಿ.

ಭದ್ರ ಮಾಡುವ ಕೆಲಸಕ್ಕೆ ಎರಡು ನಿಮಿಷ ಸಾಕು. ಇಂಟರ್‌ನೆಟ್ ಆರ್ಕೈವ್ ಸಂಸ್ಥೆ 2001ರಲ್ಲಿ ಸಾರ್ವಜನಿಕರಿಗೆ ತೆರೆದ ವೇಬ್ಯಾಕ್ ಮಷೀನ್ ಉಚಿತ. `web.archive.org/save` ತೆರೆದು ನಿಮ್ಮ ಆಕರದ ವಿಳಾಸ ಹಾಕಿ ಸೇವ್ ಒತ್ತಿದರೆ ಇಂಥದೊಂದು ಲಿಂಕ್ ಬರುತ್ತದೆ:

```
https://web.archive.org/web/20240815203000/https://example.org/
```

ನಡುವಿನ 14 ಅಂಕಿಗಳಲ್ಲಿ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಸಾಲಾಗಿವೆ. ಇಲ್ಲಿ 2024ರ ಆಗಸ್ಟ್ 15, ರಾತ್ರಿ 8.30. ಆದರೆ ಇದು ನಮ್ಮ ಗಡಿಯಾರದ ಸಮಯವಲ್ಲ, ಅಂತರರಾಷ್ಟ್ರೀಯ ಯುಟಿಸಿ ಸಮಯ. ಐದೂವರೆ ಗಂಟೆ ಕೂಡಿಸಿದರೆ ಭಾರತದಲ್ಲಿ ಆಗಲೇ 16ರ ನಸುಕಿನ 2 ಗಂಟೆ. ರಾತ್ರಿಯೆಲ್ಲ ಕೂತು ಪ್ರಬಂಧ ಮುಗಿಸುವವರ ನೋಡಿದ ದಿನಾಂಕಕ್ಕೂ ಆರ್ಕೈವ್ ದಿನಾಂಕಕ್ಕೂ ಒಂದು ದಿನ ವ್ಯತ್ಯಾಸ ಬರುವುದು ಹೀಗೆ. ಅದು ತಪ್ಪಲ್ಲ, ತಿದ್ದಲು ಹೋಗಬೇಡಿ.

ತಪ್ಪಾಗುವುದು ಬೇರೆ ಕಡೆ. ಲಾಗಿನ್ ಕೇಳುವ ಪುಟಗಳ ಒಳಗಿನದು ಉಳಿಯುವುದಿಲ್ಲ. ಜಿಲ್ಲೆ, ವರ್ಷ ಆರಿಸಿ ಗುಂಡಿ ಒತ್ತಿದ ಮೇಲೆ ಕೋಷ್ಟಕ ತೋರಿಸುವ ಸರ್ಕಾರಿ ತಾಣಗಳಲ್ಲಿ ಬಹುಪಾಲು ಖಾಲಿ ಅರ್ಜಿಯಷ್ಟೇ ಉಳಿಯುತ್ತದೆ, ಅಂಕಿಅಂಶ ಇರುವುದಿಲ್ಲ. ಜನಸಂಖ್ಯಾ ಗಡಿಯಾರದಂಥ ಓಡುವ ಪುಟಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಆದ್ದರಿಂದ ಸೇವ್ ಆಯಿತೆಂಬ ಸೂಚನೆ ಕಂಡಕೂಡಲೇ ಸುಮ್ಮನಾಗದೆ, ಬಂದ ಲಿಂಕನ್ನು ಹೊಸ ಕಿಟಕಿಯಲ್ಲಿ ತೆರೆದು, ನೀವು ಬಳಸಿಕೊಂಡ ಅದೇ ವಾಕ್ಯ ಅಥವಾ ಅದೇ ಅಂಕಿ ಅಲ್ಲಿದೆಯೇ ನೋಡಬೇಕು. ಹಳೆಯ ಪ್ರತಿ ಹುಡುಕುವಾಗ ಇನ್ನೊಂದು ಎಚ್ಚರ: ಕೇಳಿದ ದಿನದ ಪ್ರತಿ ಇಲ್ಲದಿದ್ದರೆ ವೇಬ್ಯಾಕ್ ಹತ್ತಿರದ ಬೇರೆ ದಿನದ್ದನ್ನು ತೋರಿಸುತ್ತದೆ. ವಿಳಾಸಪಟ್ಟಿಯ ಆ 14 ಅಂಕಿಗಳನ್ನು ಓದದೆ ನಕಲಿಸಿದರೆ ನೀವು ನೋಡದ ಪುಟವನ್ನು ಆಕರವೆಂದು ಕೊಟ್ಟಂತಾಗುತ್ತದೆ.

ಆರ್ಕೈವ್ ಪ್ರತಿ ಸಿಕ್ಕರೆ ಎಪಿಎ ಶೈಲಿಯಲ್ಲಿ ನೋಡಿದ ದಿನಾಂಕ ಬಿಟ್ಟು ಆ ಲಿಂಕ್ ಕೊಡಿ. ಸಿಗದಿದ್ದರೆ ದಿನಾಂಕ ಬರೆದು, ಪುಟವನ್ನು ಪಿಡಿಎಫ್ ಮಾಡಿ ನಿಮ್ಮ ಬಳಿ ಇಟ್ಟುಕೊಳ್ಳಿ. ಇದನ್ನೆಲ್ಲ ಪ್ರಬಂಧ ಸಲ್ಲಿಸುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳದೆ, ಪುಟ ಓದಿದ ದಿನವೇ ಮಾಡಿ.