ನೂರು ಪುಟದ ಯೋಜನೆ, ಒಂದು ಪುಟದ ಹೊಣೆ

ನಾಶಿಕದಲ್ಲಿರುವ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾಯಿತು. ಛತ್ರಪತಿ ಸಂಭಾಜಿನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಅದಕ್ಕೆ ಸೇರಿದ ಕಾಲೇಜುಗಳಲ್ಲೊಂದು. ಇಂಥ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿ ರೋಗಿಗಳ ಮೇಲೆ ಅಧ್ಯಯನ ಮಾಡಬೇಕಾದರೆ ಮೊದಲು ತನ್ನ ಯೋಜನೆಯನ್ನು ಎಥಿಕ್ಸ್ ಕಮಿಟಿಯ ಮುಂದಿಡಬೇಕು. ಯೋಜನೆ ಹತ್ತಾರು ಪುಟ ಇರುತ್ತದೆ, ದೊಡ್ಡ ಪ್ರಯೋಗವಾದರೆ ನೂರು ದಾಟುತ್ತದೆ. ಅದರ ಜೊತೆಗೆ ಒಂದು ಪುಟದ ಸಾರಾಂಶವೂ ಹೋಗುತ್ತದೆ. ಹೆಚ್ಚಿನವರು ಇದನ್ನು ಕೊನೆಯ ಗಳಿಗೆಯಲ್ಲಿ ಮುನ್ನುಡಿಯಿಂದ ನಾಲ್ಕು ಸಾಲು, ವಿಧಾನದಿಂದ ನಾಲ್ಕು ಸಾಲು ಎತ್ತಿ ಜೋಡಿಸಿಬಿಡುತ್ತಾರೆ. ಹಾಗೆ ಜೋಡಿಸಿದ್ದು ಸಾರಾಂಶ ಆಗುವುದಿಲ್ಲ. ಸಂಶೋಧಕನ ಪ್ರಶ್ನೆಯ ಸುತ್ತ ಕಟ್ಟಿದ ಯೋಜನೆಯನ್ನು, ಅದರಲ್ಲಿ ಭಾಗವಹಿಸುವವರ ಪ್ರಶ್ನೆಯ ಸುತ್ತ ಹೊಸದಾಗಿ ಬರೆಯುವುದೇ ಆ ಪುಟದ ಕೆಲಸ.

ಈ ಪುಟ ಯಾಕೆ ಬೇಕಾಯಿತು ಎಂಬುದು ಅದನ್ನು ಓದುವವರು ಯಾರು ಎಂಬುದರಲ್ಲಿದೆ. 1964ರ ಹೆಲ್ಸಿಂಕಿ ಘೋಷಣೆಯಲ್ಲಿ ಯೋಜನೆಯನ್ನು ಪರಿಶೀಲಿಸುವ ಸ್ವತಂತ್ರ ಸಮಿತಿಯ ಮಾತಿರಲಿಲ್ಲ. 1975ರಲ್ಲಿ ಅದನ್ನು ಪರಿಷ್ಕರಿಸಿದಾಗ ಆ ಮಾತು ಸೇರಿತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1980ರಲ್ಲಿ ಮೊದಲ ನೀತಿ ಹೇಳಿಕೆ ಹೊರಡಿಸಿತು. 2000ದಲ್ಲಿ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಮಿತಿ ವಿಸ್ತಾರವಾದ ಮಾರ್ಗಸೂಚಿ ಕೊಟ್ಟಿತು. ಈಗ ಬಳಕೆಯಲ್ಲಿರುವುದು 2017ರದು. ಅದರ ಪ್ರಕಾರ ಎಥಿಕ್ಸ್ ಕಮಿಟಿಯಲ್ಲಿ 7ರಿಂದ 15 ಸದಸ್ಯರಿರಬೇಕು, ಅರ್ಧದಷ್ಟಾದರೂ ಹೊರಗಿನವರಾಗಿರಬೇಕು. ವೈದ್ಯರ ಜೊತೆ ಕಾನೂನು ಬಲ್ಲವರು, ಸಮಾಜ ವಿಜ್ಞಾನಿ ಮತ್ತು ಒಬ್ಬ ಸಾಮಾನ್ಯ ನಾಗರಿಕ ಕೂರಬೇಕು. ಆ ನಾಗರಿಕ ಸಮಿತಿಯಲ್ಲಿರುವುದು ಭಾಗವಹಿಸುವವರ ಕಣ್ಣಿನಿಂದ ಯೋಜನೆಯನ್ನು ನೋಡಲಿಕ್ಕೆ. ಆದರೆ ಅವರ ಕೈಗೆ ಬರುವುದು ವೈದ್ಯರ ಭಾಷೆಯ ಕಡತ. ಐಸಿಎಂಆರ್ ತನ್ನ ಸಾಮಾನ್ಯ ಅರ್ಜಿ ನಮೂನೆಗಳಲ್ಲಿ ಜನಭಾಷೆಯ ಸಾರಾಂಶವನ್ನು 300 ಪದಗಳೊಳಗೆ ಕೇಳಿರುವುದು ಇದೇ ಕಾರಣಕ್ಕೆ. ಸಾರಾಂಶ ಅರ್ಥವಾಗದಿದ್ದರೆ ಆ ನಾಗರಿಕನ ಕುರ್ಚಿ ತುಂಬಿದ್ದೂ ಖಾಲಿ.

ಬರೆಯುವುದು ಹೇಗೆ ಎಂಬುದನ್ನು ನಿಜವಾಗಿ ನಡೆದ ಒಂದು ಅಧ್ಯಯನದ ಮೇಲೆ ಪರೀಕ್ಷಿಸಬಹುದು. ಸಂಭಾಜಿನಗರ ವಿಭಾಗಕ್ಕೆ ಸೇರಿದ, ನಮ್ಮ ಬೀದರ್ ಮತ್ತು ಕಲಬುರಗಿಗೆ ಗಡಿ ಹಂಚಿಕೊಂಡಿರುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಇಂದಿನ ಧಾರಾಶಿವದಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ದೊಡ್ಡ ಪ್ರಯೋಗ ನಡೆಯಿತು. 30ರಿಂದ 59 ವಯಸ್ಸಿನ 1,31,746 ಆರೋಗ್ಯವಂತ ಮಹಿಳೆಯರು ಅದರಲ್ಲಿದ್ದರು. ಹಳ್ಳಿಗಳನ್ನು 52 ಗುಂಪು ಮಾಡಿ, ಚೀಟಿ ಎತ್ತಿದಂತೆ ನಾಲ್ಕು ಪಾಲಾಗಿ ಹಂಚಲಾಯಿತು. ಮೊದಲ ಪಾಲಿಗೆ ಎಚ್‌ಪಿವಿ ವೈರಸ್ ಪರೀಕ್ಷೆ, ಎರಡನೆಯದಕ್ಕೆ ಜೀವಕೋಶ ಪರೀಕ್ಷೆ, ಮೂರನೆಯದಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ. ನಾಲ್ಕನೆಯ ಪಾಲಿಗೆ ಪ್ರಯೋಗದಿಂದ ತಪಾಸಣೆ ಇಲ್ಲ, ಊರಲ್ಲಿ ಆಗ ಸಿಗುತ್ತಿದ್ದ ಸಾಮಾನ್ಯ ಆರೈಕೆ ಮಾತ್ರ. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಚ್‌ಪಿವಿ ಪರೀಕ್ಷೆಯ 34,126 ಮಹಿಳೆಯರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34, ತಪಾಸಣೆ ಇಲ್ಲದ 31,488 ಮಹಿಳೆಯರಲ್ಲಿ 64. ಈ ಅಧ್ಯಯನ ಜಗತ್ತಿನಾದ್ಯಂತ ತಪಾಸಣೆಯ ಚರ್ಚೆಯನ್ನೇ ಬದಲಿಸಿತು. ಜೊತೆಗೆ, ತಪಾಸಣೆ ಇಲ್ಲದ ಪಾಲನ್ನು ಇಟ್ಟದ್ದು ಸರಿಯೇ ಎಂಬ ಕಟುವಾದ ವಾದವೂ ಎದ್ದಿತು. ದೇಶದಲ್ಲಿ ಆಗ ಇದ್ದ ಆರೈಕೆಯೇ ಅದು ಎಂಬುದು ಸಂಶೋಧಕರ ಕಡೆಯ ಉತ್ತರ.

ಆ ವಾದದ ತೀರ್ಪು ಇಲ್ಲಿ ಬೇಡ. ಇಂಥ ಯೋಜನೆ ಇಂದು ಕಮಿಟಿಗೆ ಬಂದರೆ ಒಂದು ಪುಟದಲ್ಲಿ ಅಪಾಯ ಎಂಬ ಶೀರ್ಷಿಕೆಯಡಿ ಏನಿರಬೇಕು ಎಂಬುದನ್ನು ನೋಡೋಣ. ರೂಢಿಯಂತೆ ಬರೆದರೆ, 'ಪರೀಕ್ಷೆಯಿಂದ ಅಲ್ಪ ಇರಿಸುಮುರಿಸು ಆಗಬಹುದು' ಎಂಬ ಒಂದೇ ಸಾಲು ಬರುತ್ತದೆ. ಅದು ಸುಳ್ಳಲ್ಲ, ಆದರೆ ಅತಿ ದೊಡ್ಡ ಅಪಾಯ ಅದರಲ್ಲಿ ಇಲ್ಲ. ನಾಲ್ಕನೆಯ ಪಾಲಿನ ಮಹಿಳೆಗೆ ಅಪಾಯ ಬರುವುದು ಮಾಡಿದ್ದರಿಂದಲ್ಲ, ಮಾಡದೇ ಬಿಟ್ಟದ್ದರಿಂದ. ಆದ್ದರಿಂದ ಮೊದಲ ಸಾಲೇ ಹೀಗಿರಬೇಕು: 'ನಾಲ್ಕರಲ್ಲಿ ಒಂದು ಪಾಲು ಮಹಿಳೆಯರಿಗೆ ನಾವು ತಪಾಸಣೆ ಮಾಡುವುದಿಲ್ಲ; ಅವರಲ್ಲಿ ಕೆಲವರ ಕ್ಯಾನ್ಸರ್ ತಡವಾಗಿ ಪತ್ತೆಯಾಗಿ ಸಾವು ಬರಬಹುದು.' ಎರಡನೆಯದು ಮನೆಯೊಳಗಿನ ಅಪಾಯ. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್. ಫಲಿತಾಂಶದ ಚೀಟಿ ಅತ್ತೆಯ ಕೈಗೋ ಗಂಡನ ಕೈಗೋ ಸಿಕ್ಕರೆ ಅನುಮಾನ, ಹೊಡೆತ, ಮನೆ ಬಿಡಿಸುವುದು ಎಲ್ಲವೂ ಆಗಬಹುದು. ಬಯಾಪ್ಸಿಯ ನೋವು, ರಕ್ತಸ್ರಾವ ಇವೆಲ್ಲ ಆಮೇಲೆ ಬರುವಂಥವು.

ರಕ್ಷಣೆಯ ಭಾಗ ಎಡವುವುದು 'ಗೋಪ್ಯತೆ ಕಾಪಾಡಲಾಗುವುದು' ಎಂಬ ಬಗೆಯ ವಾಕ್ಯಗಳಲ್ಲಿ. ಯಾರು ಕಾಪಾಡುತ್ತಾರೆ ಎಂಬುದು ಆ ವಾಕ್ಯದಲ್ಲಿ ಇಲ್ಲ. ಇಂಥ ಕೊರತೆಯನ್ನು ಕಂಡುಹಿಡಿಯುವ ದಾರಿ ಸುಲಭ. ಪ್ರತಿ ಅಪಾಯದ ಎದುರಿಗೆ ಒಂದು ರಕ್ಷಣೆ ಇಟ್ಟು, ಅದರಲ್ಲಿ ಯಾರು, ಯಾವಾಗ, ಯಾರ ಖರ್ಚಿನಲ್ಲಿ ಎಂಬ ಮೂರು ಉತ್ತರ ಇದೆಯೇ ಎಂದು ನೋಡಬೇಕು. 'ಫಲಿತಾಂಶವನ್ನು ನರ್ಸ್ ಮಹಿಳೆಗೆ ಮಾತ್ರ, ಉಪಕೇಂದ್ರದಲ್ಲಿ, ಬಾಯಿಮಾತಿನಲ್ಲಿ ಹೇಳುತ್ತಾರೆ; ಚೀಟಿಯಲ್ಲಿ ಹೆಸರಿನ ಬದಲು ಸಂಖ್ಯೆ ಇರುತ್ತದೆ' ಎಂದು ಬರೆದು, ಯಾವಾಗ, ಯಾರ ಖರ್ಚಿನಲ್ಲಿ ಎಂಬುದನ್ನೂ ಸೇರಿಸಿದರೆ ಅದು ರಕ್ಷಣೆ. ನಾಲ್ಕನೆಯ ಪಾಲಿನ ವಿಷಯದಲ್ಲೂ ಹಾಗೆಯೇ. ಹೊರಗಿನ ತಜ್ಞರ ತಂಡ ಮಧ್ಯೆ ಮಧ್ಯೆ ಲೆಕ್ಕ ನೋಡಿ, ಪಾಲುಗಳ ನಡುವಿನ ವ್ಯತ್ಯಾಸ ಸ್ಪಷ್ಟವಾದರೆ ಪ್ರಯೋಗ ನಿಲ್ಲಿಸಿ, ಬಿಟ್ಟುಹೋದ ಮಹಿಳೆಯರಿಗೂ ತಪಾಸಣೆ ಕೊಡುವುದು ಯಾವ ಹಂತದಲ್ಲಿ ಎಂಬುದು ಅಲ್ಲಿ ಇರಬೇಕು. ಎದುರಿಗೆ ರಕ್ಷಣೆ ಸಿಗದೆ ಒಂಟಿಯಾಗಿ ಉಳಿದ ಅಪಾಯ ಕಂಡರೆ ದೋಷ ಸಾರಾಂಶದ್ದಲ್ಲ, ಯೋಜನೆಯದ್ದು. ಹಿಂದಕ್ಕೆ ಹೋಗಿ ಯೋಜನೆಯನ್ನೇ ತಿದ್ದಬೇಕು.

ಒಪ್ಪಿಗೆಯ ಭಾಗದಲ್ಲಿ 'ಲಿಖಿತ ಒಪ್ಪಿಗೆ ಪಡೆಯಲಾಗುವುದು' ಎಂದರೆ ಫಾರಂ ಇದೆ ಎಂದಷ್ಟೇ ಗೊತ್ತಾಗುತ್ತದೆ. ಕಮಿಟಿಗೆ ಬೇಕಿರುವುದು ಅದು ನಡೆಯುವ ಬಗೆ. ಹಳ್ಳಿಗಳನ್ನೇ ಗುಂಪಾಗಿ ಹಂಚುವ ಪ್ರಯೋಗದಲ್ಲಿ ಸರಪಂಚರ ಅನುಮತಿ ಬೇಕಾಗಬಹುದು, ಆದರೆ ಅದು ಪ್ರತಿ ಮಹಿಳೆಯ ಒಪ್ಪಿಗೆಗೆ ಬದಲಿಯಲ್ಲ. ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನಾ ತಂಡಕ್ಕೆ ಸೇರದ ಸಾಕ್ಷಿ ಇರಬೇಕು. ಮರಾಠಿ ಫಾರಂ ಉಮರ್ಗಾ ಕಡೆಯ ಕನ್ನಡ ಮನೆಗಳಿಗೂ ತಾಂಡಾಗಳಿಗೂ ಸಾಲದು. ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕನೆಯ ಪಾಲಿನ ಮಹಿಳೆಗೆ ಇಂಥ ಪರೀಕ್ಷೆ ಇದೆ, ಅದು ಇಂಥ ಆಸ್ಪತ್ರೆಯಲ್ಲಿ ಸಿಗುತ್ತದೆ, ಇಲ್ಲಿ ನಿಮಗೆ ಮಾಡುವುದಿಲ್ಲ ಎಂದು ಹೇಳುವವರು ಯಾರು, ಬೇಡ ಎಂದವರಿಗೆ ಸರ್ಕಾರಿ ಆರೈಕೆ ತಪ್ಪುವುದಿಲ್ಲ ಎಂದು ತಿಳಿಸುವುದು ಹೇಗೆ ಎಂಬುದು ಪುಟದಲ್ಲಿರಬೇಕು.

ಒಂದೇ ಪುಟ ಕೊಟ್ಟರೆ ಸದಸ್ಯರು ಅದನ್ನಷ್ಟೇ ಓದಿ ಒಪ್ಪಿಬಿಡುತ್ತಾರೆ, ಅಪಾಯ ಕಡತದೊಳಗೆ ಅಡಗಿಯೇ ಉಳಿಯುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಪರಿಹಾರ ಪುಟವನ್ನು ಬಿಡುವುದಲ್ಲ. ಪ್ರತಿ ಸಾಲಿನ ಕೊನೆಗೆ ಮೂಲ ಯೋಜನೆಯ ಪುಟ ಸಂಖ್ಯೆ ಬರೆದರೆ, ವಿಷಯ ಬಲ್ಲ ಸದಸ್ಯರಿಬ್ಬರು ಹೋಲಿಸಿ ನೋಡಬಹುದು. ಸಾರಾಂಶ ಒಂದು ಹೇಳಿ ಯೋಜನೆ ಇನ್ನೊಂದು ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಸಾವು ಎಂಬ ಪದ ಬರೆದರೆ ಕಮಿಟಿ ಹೆದರಿ ಒಳ್ಳೆಯ ಅಧ್ಯಯನವನ್ನೂ ತಡೆಯುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಆದರೆ ಅಪಾಯವನ್ನು ಅರಿತು ಒಪ್ಪಿದ ಕಮಿಟಿಯ ಅನುಮತಿ ಮುಂದೆ ಟೀಕೆ ಎದ್ದಾಗ ನಿಲ್ಲುತ್ತದೆ. ಅರಿಯದೆ ಕೊಟ್ಟ ಅನುಮತಿ ಸಂಶೋಧಕನನ್ನೂ ಕಾಯುವುದಿಲ್ಲ, ಮಹಿಳೆಯನ್ನೂ ಕಾಯುವುದಿಲ್ಲ.

ಕಮಿಟಿಯ ಸಾಮಾನ್ಯ ಸದಸ್ಯರಿಗೆ ಹೇಳಬೇಕಾದ್ದು ಇಷ್ಟೇ: ಪುಟ ಓದಿದ ಮೇಲೆ ಏನು ಕೆಟ್ಟದ್ದಾಗಬಹುದು, ಆಗ ಯಾರು ನೋಡಿಕೊಳ್ಳುತ್ತಾರೆ, ಬೇಡ ಎನ್ನುವುದು ಹೇಗೆ ಎಂಬ ಮೂರನ್ನು ನಿಮ್ಮ ಮನೆಮಾತಿನಲ್ಲಿ ಪಕ್ಕದವರಿಗೆ ಹೇಳಲು ಬಾರದಿದ್ದರೆ, ಅದನ್ನು ತಿದ್ದಿ ತರಲು ವಾಪಸು ಕಳುಹಿಸಿ.