ಶಿಫಾರಸು ಕೇಳುವ ಪತ್ರ

ಧಾರವಾಡದ ಕೃಷಿ ಪದವೀಧರೆಯೊಬ್ಬಳು ಅಮೆರಿಕದಲ್ಲಿ ಎಂ.ಎಸ್. ಓದಲು ಶಿಫಾರಸು ಪತ್ರ ಕೇಳುತ್ತಾಳೆ ಎನ್ನೋಣ. ‘ಸರ್, ನಾನು ನಿಮ್ಮ ವಿದ್ಯಾರ್ಥಿನಿ, ದಯವಿಟ್ಟು ಪತ್ರ ಕೊಡಿ’ ಎಂದಷ್ಟೇ ಬರೆದರೆ ಸಿಗುವುದು ಯಾರಿಗಾದರೂ ಒಪ್ಪುವ ಹೊಗಳಿಕೆ.

ಬರೆಯಬೇಕಾದದ್ದು ಹೀಗೆ: ‘ಸರ್, ನಾಲ್ಕನೇ ವರ್ಷ ಗ್ರಾಮೀಣ ಕೃಷಿ ಕಾರ್ಯಾನುಭವದಲ್ಲಿ ನಿಮ್ಮ ತಂಡದಲ್ಲಿದ್ದೆ. ಕಡಲೆ ಹೊಲದಲ್ಲಿ ಕಾಯಿಕೊರಕಕ್ಕೆ ಮೋಹಕ ಬಲೆ ಕಟ್ಟಿ, ವಾರವಾರ ಬಿದ್ದ ಪತಂಗಗಳನ್ನು ಎಣಿಸಿದ್ದೆ. ಆ ವರದಿ, ಅಂಕಪಟ್ಟಿ ಲಗತ್ತಿಸಿದ್ದೇನೆ. ಕೊನೆಯ ದಿನ ಡಿಸೆಂಬರ್ 1.’ ಆ ಎಣಿಕೆಯೇ ಪ್ರಾಧ್ಯಾಪಕರ ಪತ್ರದ ಜೀವಾಳ.

ಸಾಮಾನ್ಯವಾಗಿ ಈ ಪತ್ರ ಅಭ್ಯರ್ಥಿಯ ಕೈಗೆ ಬರುವುದಿಲ್ಲ. ವಿಶ್ವವಿದ್ಯಾಲಯವು ಪ್ರಾಧ್ಯಾಪಕರ ಇಮೇಲಿಗೆ ಲಿಂಕ್ ಕಳಿಸುತ್ತದೆ, ಅವರೇ ಅಪ್‌ಲೋಡ್ ಮಾಡಬೇಕು. ಕೆಲವೊಮ್ಮೆ ಅದು ಸ್ಪ್ಯಾಮ್‌ನಲ್ಲೇ ಉಳಿದುಬಿಡುತ್ತದೆ. ಆರು ವಾರ ಮೊದಲೇ ಕೇಳಿ. ಹತ್ತು ದಿನ ಮುಂಚೆ ಮತ್ತೊಮ್ಮೆ ನೆನಪಿಸಿ.