ಸೊನ್ನೆ ಡಿಗ್ರಿಯ ಆಚೀಚೆ: ಟೊರಾಂಟೊದ ಮೊದಲ ಚಳಿಗಾಲ

ಓದಲೆಂದೋ ಕೆಲಸಕ್ಕೆಂದೋ ಕರ್ನಾಟಕದಿಂದ ಟೊರಾಂಟೊಗೆ ಹೊರಡುವವರ ಮನೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಅಲ್ಲಿ ಮೈನಸ್ ಎಷ್ಟಕ್ಕೆ ಇಳಿಯುತ್ತೆ?’ ಮೈನಸ್ 20 ಎಂದ ಕೂಡಲೇ ಅಮ್ಮ ಇನ್ನೆರಡು ಸ್ವೆಟರ್ ಸೂಟ್‌ಕೇಸಿಗೆ ತುರುಕುತ್ತಾರೆ. ಇಲ್ಲಿ ಹಲವು ಚಳಿಗಾಲ ಕಳೆದ ಮೇಲೆ ನಾನು ಹೊಸಬರಿಗೆ ಹೇಳುವುದು ಬೇರೆ. ಮೈನಸ್ 15ರ ದಿನ ಎಲ್ಲರೂ ಎಚ್ಚರವಾಗಿರುತ್ತಾರೆ, ಹಿಮ ಒಣಗಿದ ಪುಡಿಯಂತಿರುತ್ತದೆ, ನಡೆಯಲು ಕಷ್ಟವಿಲ್ಲ. ಜನ ಬಿದ್ದು ಮಣಿಕಟ್ಟು ಮುರಿದುಕೊಳ್ಳುವುದು ಸೊನ್ನೆಯ ಆಚೀಚೆ ತೂಗಾಡುವ ದಿನಗಳಲ್ಲಿ, ಅಂದರೆ ಮಧ್ಯಾಹ್ನ ಪ್ಲಸ್ 3, ರಾತ್ರಿ ಮೈನಸ್ 8 ಎನ್ನುವಂಥ ದಿನಗಳಲ್ಲಿ. ಚಳಿಗಿಂತ ಮೊದಲು ನೀರಿನ ಮೇಲೆ ಕಣ್ಣಿಡಬೇಕು. ಮೈಯೊಳಗಿನ ಬೆವರಾಗಲಿ, ಫುಟ್‌ಪಾತಿನ ಮೇಲಿನ ಕರಗಿದ ಹಿಮವಾಗಲಿ, ತೊಂದರೆ ಶುರುವಾಗುವುದು ನೀರಿನಿಂದ.

ಬಟ್ಟೆಯ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯ ದಪ್ಪವಲ್ಲ, ಬಟ್ಟೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಆ ಗಾಳಿಯ ಜಾಗಕ್ಕೆ ನೀರು ಸೇರಿಕೊಂಡರೆ ಮೈಯ ಬಿಸಿ ಸರಸರನೆ ಹೊರಹೋಗುತ್ತದೆ. ಹೊಸಬರು ಮಾಡುವ ಸಾಮಾನ್ಯ ತಪ್ಪು, ಊರಿನ ಕಾಟನ್ ಬನಿಯನ್ ಮೇಲೆ ಕಾಟನ್ ಅಂಗಿ, ಅದರ ಮೇಲೆ ಭಾರೀ ಜಾಕೆಟ್ ಹಾಕುವುದು. ಬಸ್ ಸ್ಟಾಪಿಗೆ ಹತ್ತು ನಿಮಿಷ ಬಿರುಸಾಗಿ ನಡೆದರೆ ಬೆನ್ನು ಬೆವರುತ್ತದೆ. ಹೀಟರ್ ಹಾಕಿದ ಬಸ್ಸಿನೊಳಗೆ ಇನ್ನಷ್ಟು ಬೆವರುತ್ತದೆ. ಕಾಟನ್ ಆ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಇಳಿದು ಮುಂದಿನ ಬಸ್ಸಿಗೆ ಕಾಯುತ್ತಾ ನಿಂತಾಗ, ಎಷ್ಟೇ ದುಬಾರಿ ಜಾಕೆಟ್ ಇದ್ದರೂ ನಡುಕ ಬೆನ್ನಿನಿಂದಲೇ ಹುಟ್ಟುತ್ತದೆ.

ಅದಕ್ಕೇ ಇಲ್ಲಿ ಮೂರು ಪದರದ ಉಡುಪು. ಮೈಗೆ ಅಂಟಿಕೊಳ್ಳುವ ಒಳಪದರ ಮೆರಿನೋ ಉಣ್ಣೆಯದೋ ಪಾಲಿಯೆಸ್ಟರಿನದೋ ಆಗಿರಬೇಕು. ನಾವು ಥರ್ಮಲ್ಸ್ ಎನ್ನುವುದು ಇದನ್ನೇ. ಬೆವರನ್ನು ಚರ್ಮದಿಂದ ಹೊರಕ್ಕೆ ಸಾಗಿಸುವುದು ಇದರ ಕೆಲಸ. ಕೊಳ್ಳುವ ಮುನ್ನ ಒಳಗಿನ ಚೀಟಿ ಓದಿ, ಏಕೆಂದರೆ ಥರ್ಮಲ್ ಎಂದು ಮಾರುವ ಕೆಲವು ಬಟ್ಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯೇ ಇರುತ್ತದೆ. ನಡುವಿನ ಪದರ ಗಾಳಿಯನ್ನು ಹಿಡಿದಿಡುವುದು. ಅದಕ್ಕೆ ಫ್ಲೀಸ್ ಸಾಕು, ಅಮ್ಮ ಕೊಟ್ಟ ಉಣ್ಣೆಯ ಸ್ವೆಟರೂ ಆದೀತು. ಹೊರಗಿನದು ಗಾಳಿ ಮತ್ತು ನೀರನ್ನು ತಡೆಯುವ ಜಾಕೆಟ್. ಅದು ಸೊಂಟದಿಂದ ಕೆಳಗಿಳಿಯಬೇಕು, ಟೋಪಿ ಇರಬೇಕು, ಒಳಗಿನ ಸ್ವೆಟರ್ ಅದುಮಿಹೋಗದಷ್ಟು ಸಡಿಲವಾಗಿರಬೇಕು. ಬಸ್ಸು, ಮೆಟ್ರೋ, ತರಗತಿ ಎಲ್ಲೆಡೆ 21 ಡಿಗ್ರಿಯ ಆಸುಪಾಸು ಬಿಸಿ ಇರುವುದರಿಂದ ಒಳಗೆ ಹೋದ ತಕ್ಷಣ ಜಿಪ್ ತೆಗೆಯುವ ರೂಢಿ ಬೇಕು. ಮನೆಯಿಂದ ಹೊರಟ ಮೊದಲ ಐದು ನಿಮಿಷ ತುಸು ಚಳಿ ಅನಿಸಿದರೆ ಉಡುಪು ಸರಿಯಾಗಿದೆ ಎಂದೇ ಲೆಕ್ಕ. ಬಾಗಿಲಲ್ಲೇ ಬೆಚ್ಚಗಿದ್ದರೆ ದಾರಿಯಲ್ಲಿ ಬೆವರುವುದು ಖಂಡಿತ.

ಥರ್ಮಲ್ಸ್, ಉಣ್ಣೆಯ ಸಾಕ್ಸ್ ಊರಿಂದ ತರಬಹುದು. ಜಾಕೆಟ್ ಮತ್ತು ಬೂಟು ಮಾತ್ರ ಇಲ್ಲೇ ಬಂದು ಕೊಳ್ಳಿ. ದಪ್ಪ ಸಾಕ್ಸ್ ಹಾಕಿಯೇ ಬೂಟಿನ ಅಳತೆ ನೋಡಿ. ಬೆರಳು ಆಡಿಸಲು ಜಾಗವಿಲ್ಲದಿದ್ದರೆ ರಕ್ತ ಸರಿಯಾಗಿ ಹರಿಯದೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಬೂಟು ಬೆಚ್ಚಗಿದ್ದ ಮಾತ್ರಕ್ಕೆ ಜಾರುವುದಿಲ್ಲ ಎಂದೇನಿಲ್ಲ. ಟೊರಾಂಟೊದ ಪುನಶ್ಚೇತನ ಸಂಶೋಧನಾ ಸಂಸ್ಥೆಯೊಂದು ಓರೆಯಾಗಿಸಬಲ್ಲ ನಿಜವಾದ ಮಂಜುಗಡ್ಡೆಯ ನೆಲದ ಮೇಲೆ ಜನರನ್ನು ನಡೆಸಿ ಬೂಟುಗಳನ್ನು ಪರೀಕ್ಷಿಸುತ್ತದೆ. ‘ರೇಟ್ ಮೈ ಟ್ರೆಡ್ಸ್’ ಹೆಸರಿನಲ್ಲಿ ಹಿಮದ ಹರಳಿನ ಗುರುತು ಕೊಡುತ್ತದೆ, ಅತಿ ಹೆಚ್ಚೆಂದರೆ ಮೂರು. 2016ರಲ್ಲಿ ಮೊದಲ ಫಲಿತಾಂಶ ಹೊರಬಿದ್ದಾಗ ಬಹುಪಾಲು ಬೂಟುಗಳಿಗೆ ಒಂದು ಹರಳೂ ದಕ್ಕಲಿಲ್ಲ. ಬೆಲೆಗಿಂತ ಮೊದಲು ಆ ಪಟ್ಟಿ ನೋಡುವುದು ಒಳ್ಳೆಯದು.

ಹವಾಮಾನ ಮುನ್ಸೂಚನೆಯನ್ನು ಓದುವುದನ್ನೂ ಇಲ್ಲಿ ಕಲಿಯಬೇಕು. ಕೆನಡಾದಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ, ಹಿಮವನ್ನು ಸೆಂಟಿಮೀಟರಿನಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ 1 ಮಿಲಿಮೀಟರ್ ನೀರು 1 ಸೆಂಟಿಮೀಟರ್ ಹಿಮವಾಗುತ್ತದೆ. ಚಳಿ ಹೆಚ್ಚಿದ್ದರೆ ಅಷ್ಟೇ ನೀರು ಹಗುರವಾದ, ಇನ್ನೂ ಎತ್ತರದ ಹಿಮವಾಗಿ ಬೀಳುತ್ತದೆ. ಸೊನ್ನೆಯ ಹತ್ತಿರವಿದ್ದರೆ ಕಡಿಮೆ ಎತ್ತರದ, ಒದ್ದೆಯಾದ, ಗುದ್ದಲಿಯಿಂದ ಎತ್ತಲಾಗದಷ್ಟು ಭಾರವಾದ ಹಿಮವಾಗುತ್ತದೆ. ಹಾಗಾಗಿ 10 ಸೆಂಟಿಮೀಟರ್ ಎಂಬ ಅಂಕಿಯ ಜೊತೆಗೆ ಉಷ್ಣಾಂಶವನ್ನೂ ನೋಡದೆ ಮರುದಿನ ಹೇಗಿರುತ್ತದೆಂದು ಹೇಳಲಾಗದು. ಲಂಡನ್, ಬ್ಯಾರಿಯಂಥ ಒಂಟಾರಿಯೊ ಊರುಗಳಿಗೆ ಇನ್ನೊಂದು ತಾಪತ್ರಯವಿದೆ. ಇನ್ನೂ ಹೆಪ್ಪುಗಟ್ಟದ ದೊಡ್ಡ ಸರೋವರಗಳ ಮೇಲೆ ತಣ್ಣನೆ ಗಾಳಿ ಹಾದು ತೇವ ಹೀರಿ, ದಡದಾಚೆ ಕಿರಿದಾದ ಪಟ್ಟಿಯಾಗಿ ಸುರಿಯುತ್ತದೆ. ಒಂದು ಬಡಾವಣೆಯಲ್ಲಿ ಬಿಸಿಲು, ಕೆಲವೇ ಕಿಲೋಮೀಟರ್ ಆಚೆ ಎದುರಿನ ಕಾರೂ ಕಾಣದಷ್ಟು ಹಿಮ. ಇಂಥ ಪಟ್ಟಿ ಎಲ್ಲಿ ಬೀಳುತ್ತದೆಂದು ಹಿಂದಿನ ದಿನವೇ ಕರಾರುವಾಕ್ಕಾಗಿ ಹೇಳುವುದು ಕಷ್ಟ. ಹೊರಡುವ ಮುನ್ನ ರೇಡಾರ್ ಚಿತ್ರ ನೋಡಬೇಕು.

ಈಗ ಜನವರಿಯ ಒಂದು ಮುನ್ಸೂಚನೆ ಹೀಗಿದೆ ಎನ್ನೋಣ. ಮಂಗಳವಾರ ಮಧ್ಯಾಹ್ನ ಮಳೆ, 5 ಮಿಲಿಮೀಟರ್, ಗರಿಷ್ಠ ಪ್ಲಸ್ 3. ಸಂಜೆ ಮೋಡ ಚದುರಿ ವಾಯವ್ಯದಿಂದ ಗಂಟೆಗೆ 40 ಕಿಲೋಮೀಟರ್ ಗಾಳಿ. ರಾತ್ರಿ ಮೈನಸ್ 8, ವಿಂಡ್‌ಚಿಲ್ ಮೈನಸ್ 18. ಬುಧವಾರ ಬಿಸಿಲು. ಎಲ್ಲೂ ಹಿಮದ ಮಾತೇ ಇಲ್ಲ. ಹೊಸಬರ ಕಣ್ಣು ನೇರ ಮೈನಸ್ 18ರ ಮೇಲೆ ಬಿದ್ದು, ಇನ್ನೊಂದು ಸ್ವೆಟರ್ ತೆಗೆದಿಟ್ಟು ಮಲಗುತ್ತಾರೆ. ವಿಂಡ್‌ಚಿಲ್ ಎಂದರೆ ಗಾಳಿ ಸೇರಿ ಬರಿಯ ಚರ್ಮಕ್ಕೆ ಎಷ್ಟು ಚಳಿ ಅನಿಸುತ್ತದೆ ಎಂಬ ಲೆಕ್ಕ ಅಷ್ಟೇ. ಅದು ಮೈನಸ್ 28ರ ಕೆಳಗಿಳಿದರೆ ಮುಚ್ಚದ ಮುಖ, ಕಿವಿ, ಬೆರಳುಗಳು ಹತ್ತರಿಂದ ಮೂವತ್ತು ನಿಮಿಷಗಳಲ್ಲಿ ಹೆಪ್ಪುಗಟ್ಟುವ ಅಪಾಯವಿದೆ. ಮೈನಸ್ 18ಕ್ಕೆ ಟೋಪಿ, ಕೈಗವಸು ಸಾಕು. ಈ ಮುನ್ಸೂಚನೆಯಲ್ಲಿ ಹೆದರಬೇಕಾದ್ದು ಮಳೆಯ ಹಿಂದೆಯೇ ಸೊನ್ನೆ ದಾಟಿ ಇಳಿಯುವ ಉಷ್ಣಾಂಶಕ್ಕೆ. ಒದ್ದೆ ರಸ್ತೆ ಒಣಗುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಇಲ್ಲಿನ ಹವಾಮಾನ ಇಲಾಖೆ ಇದನ್ನು ಫ್ಲ್ಯಾಶ್ ಫ್ರೀಜ್ ಎಂದು ಕರೆದು ಎಚ್ಚರಿಕೆಯನ್ನೇ ಹೊರಡಿಸುತ್ತದೆ.

ಬುಧವಾರ ಬೆಳಿಗ್ಗೆ ರಸ್ತೆಯ ಮೇಲಿರುವುದೇ ಬ್ಲ್ಯಾಕ್ ಐಸ್. ಹೆಸರು ಕೇಳಿ ಕಪ್ಪು ಬಣ್ಣ ಹುಡುಕಬೇಡಿ. ಅದು ತೆಳುವಾದ, ಗುಳ್ಳೆಗಳಿಲ್ಲದ, ಪಾರದರ್ಶಕ ಮಂಜುಗಡ್ಡೆ. ಅದರೊಳಗಿಂದ ಡಾಂಬರು ಕಾಣುವುದರಿಂದ ಬರಿಯ ಒದ್ದೆ ನೆಲದಂತೆ ತೋರುತ್ತದೆ. ನಿಧಾನವಾಗಿ ನೋಡಿದರೆ ಅದು ಹುಟ್ಟುವ ಜಾಗಗಳು ಗೊತ್ತಾಗುತ್ತವೆ. ನಮ್ಮ ಬೀದಿಯಲ್ಲಿ ಒಂದು ಮನೆಯ ಸೂರಿನ ನೀರಿನ ಕೊಳವೆ ಫುಟ್‌ಪಾತಿನ ಪಕ್ಕದಲ್ಲೇ ಬಾಯಿ ತೆರೆದಿದೆ. ಹಗಲು ಚಾವಣಿಯ ಹಿಮ ಕರಗಿ ಒಂದು ಅಡಿ ಅಗಲದ ನೀರಿನ ನಾಲಗೆ ಫುಟ್‌ಪಾತಿಗೆ ಅಡ್ಡವಾಗಿ ಹರಿಯುತ್ತದೆ. ಬೆಳಿಗ್ಗೆಗೆ ಅದು ಗಾಜು. ಆಚೀಚೆಯ ನೆಲವೆಲ್ಲ ಒಣಗಿದ್ದು, ಅಷ್ಟೇ ಜಾಗ ಹೊಳೆಯುತ್ತಿರುತ್ತದೆ. ಗುಡ್ಡೆ ಹಾಕಿದ ಹಿಮದ ಬುಡ, ಉತ್ತರ ದಿಕ್ಕಿನ ನೆರಳು, ವಾಹನಗಳು ಉಜ್ಜಿ ನುಣುಪಾಗಿಸಿದ ಸಿಗ್ನಲ್ ಬಳಿಯ ರಸ್ತೆ, ಇವೂ ಅಂಥವೇ. ಸೇತುವೆಗಳಿಗೆ ಕೆಳಗಿನ ಮಣ್ಣಿನ ಬಿಸಿ ಸಿಗುವುದಿಲ್ಲ, ಎರಡೂ ಕಡೆಯಿಂದ ಗಾಳಿ ತಾಕುತ್ತದೆ. ಅದಕ್ಕೇ ಅವು ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ಇನ್ನೊಂದು ಮಾತು: ಮುನ್ಸೂಚನೆಯ ಉಷ್ಣಾಂಶ ನೆಲದಿಂದ ಒಂದೂವರೆ ಮೀಟರಿನಷ್ಟು ಮೇಲಿನ ಗಾಳಿಯದು. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ತಣ್ಣಗಾಗುತ್ತದೆ. ಫೋನು ಪ್ಲಸ್ 1 ತೋರಿಸುತ್ತಿದ್ದರೂ ಕಾಲಡಿಯಲ್ಲಿ ಮಂಜುಗಡ್ಡೆ ಇರಬಹುದು.

ನಡೆಯುವಾಗ ಇಲ್ಲಿನವರು ಪೆಂಗ್ವಿನ್ ನಡಿಗೆ ಎನ್ನುತ್ತಾರೆ. ಚಿಕ್ಕ ಹೆಜ್ಜೆ, ಇಡೀ ಪಾದ ಒಟ್ಟಿಗೆ ನೆಲಕ್ಕೆ, ಮೈಭಾರ ಮುಂದಿನ ಕಾಲಿನ ಮೇಲೆ. ಹಿಮ್ಮಡಿ ಮೊದಲು ಊರುವುದೇ ಜಾರಲು ಕಾರಣ. ಕೈಗಳು ಜೇಬಿನಲ್ಲಿದ್ದರೆ ಜೋಲಿ ತಪ್ಪಿದಾಗ ಸಾವರಿಸಿಕೊಳ್ಳಲಾಗದು. ಕೈಗವಸು ಹಾಕುವುದು ಅದಕ್ಕೂ ಬೇಕು. ಬಿದ್ದೇ ಬೀಳುತ್ತೀರಿ ಎಂದಾದರೆ ಕೈ ನೇರ ಚಾಚದೆ ಪಕ್ಕಕ್ಕೆ ಮೈ ಮಡಿಸಿ ಬೀಳುವುದು ಲೇಸು. ಕಾರಿನಲ್ಲಿದ್ದರೆ ಮುಂದಿನ ವಾಹನದ ಚಕ್ರ ನೋಡಿ. ರಸ್ತೆ ಒದ್ದೆಯಾಗಿ ಕಾಣುತ್ತಿದ್ದರೂ ಚಕ್ರದಿಂದ ನೀರು ಸಿಡಿಯುವುದು ನಿಂತಿದ್ದರೆ ಅದು ಮಂಜುಗಡ್ಡೆ. ಆಗ ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಿರಿ, ಬ್ರೇಕ್ ಒತ್ತಬೇಡಿ, ಹೋಗಬೇಕಾದ ದಿಕ್ಕಿಗೆ ನೋಡುತ್ತಾ ಸ್ಟೀರಿಂಗನ್ನು ನವಿರಾಗಿ ತಿರುಗಿಸಿ. 7 ಡಿಗ್ರಿಯ ಕೆಳಗೆ ಬೇಸಿಗೆ ಟೈರಿನ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಒಂಟಾರಿಯೊದಲ್ಲಿ ಚಳಿಗಾಲದ ಟೈರು ಕಡ್ಡಾಯವಲ್ಲ. ಪಕ್ಕದ ಕ್ವಿಬೆಕ್‌ನವರಿಗೆ ಕಡ್ಡಾಯ. ನನ್ನನ್ನು ಕೇಳಿದರೆ, ಕಾರು ಕೊಂಡವರು ಇದರಲ್ಲಿ ಉಳಿತಾಯ ಮಾಡಲೇಬಾರದು. ಉಪ್ಪು ಎರಚಿದ್ದಾರೆಂದು ನಂಬಿ ಕೂರುವಂತೆಯೂ ಇಲ್ಲ. ಉಪ್ಪು ಮಂಜುಗಡ್ಡೆ ಕರಗಿಸುವುದು ಸೊನ್ನೆಗೆ ತುಸು ಕೆಳಗೆ ಚೆನ್ನಾಗಿ. ಚಳಿ ಏರಿದಂತೆ ಅದರ ಕೆಲಸ ತೀರಾ ನಿಧಾನವಾಗುತ್ತದೆ.

ಇದೆಲ್ಲ ಕತ್ತಲಲ್ಲಿ ನಡೆಯುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಜನವರಿ ಮೊದಲ ವಾರ ಟೊರಾಂಟೊದಲ್ಲಿ ಸೂರ್ಯ ಹುಟ್ಟುವುದು ಸುಮಾರು 7:50ಕ್ಕೆ. ಡಿಸೆಂಬರ್ 21ರ ಹೊತ್ತಿಗೆ ಹಗಲು ಒಂಬತ್ತು ಗಂಟೆಗೂ ಸ್ವಲ್ಪ ಕಡಿಮೆ, ಸಂಜೆ 4:45ಕ್ಕೆ ಸೂರ್ಯ ಮುಳುಗಿರುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ ಹನ್ನೊಂದು ಗಂಟೆ ಮೀರಿ ಬೆಳಕಿರುತ್ತದೆ. ಬದಲಾವಣೆ ಥಟ್ಟನೆ ಕಾಣುವುದು ನವೆಂಬರಿನ ಮೊದಲ ಭಾನುವಾರ, ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದಾಗ. ಊರಿಗೂ ಇಲ್ಲಿಗೂ ಒಂಬತ್ತೂವರೆ ಗಂಟೆ ಇದ್ದ ಅಂತರ ಹತ್ತೂವರೆಗೆ ಏರುತ್ತದೆ. ‘ದಿನಾ ಇಷ್ಟೊತ್ತಿಗೆ ಫೋನ್ ಮಾಡ್ತಿದ್ದೆ, ಇವತ್ತ್ಯಾಕೋ ತಡ?’ ಎಂದು ಅಮ್ಮ ಕೇಳುವುದು ಆ ವಾರವೇ. ಮೊದಲೇ ಹೇಳಿಟ್ಟರೆ ಮನೆಯವರ ಗಾಬರಿ ತಪ್ಪುತ್ತದೆ.

ಬೆಳಕು ಕಡಿಮೆಯಾದಾಗ ನಿದ್ದೆಯ ಹೊತ್ತು ಜಾರುತ್ತದೆ, ಬೆಳಿಗ್ಗೆ ಏಳಲಾಗದು, ಓದು ಕೆಲಸ ಯಾವುದಕ್ಕೂ ಮನಸ್ಸು ಬಾರದು. ಇದನ್ನು ಸೋಮಾರಿತನ ಎಂದುಕೊಂಡು ಒಳಗೊಳಗೇ ನೋಯುವ ಹುಡುಗ ಹುಡುಗಿಯರನ್ನು ಕಂಡಿದ್ದೇನೆ. ಅವರ ಮೈಯ ಗಡಿಯಾರಕ್ಕೆ ಬೆಳಗಿನ ಬೆಳಕು ಸಿಗುತ್ತಿಲ್ಲ, ಅಷ್ಟೇ. ಮೋಡ ಕವಿದ ಮಧ್ಯಾಹ್ನವೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಪ್ರಖರ. ಊಟದ ಬಿಡುವಿನಲ್ಲಿ ಅರ್ಧ ಗಂಟೆ ಹೊರಗೆ ನಡೆಯುವುದರಿಂದ ಸಿಗುವ ಲಾಭ ಇದೇ. ಅದೂ ಸಾಲದವರು ಬೆಳಿಗ್ಗೆ ಎದ್ದ ಕೂಡಲೆ 10,000 ಲಕ್ಸ್‌ನ ದೀಪದ ಮುಂದೆ ಅರ್ಧ ಗಂಟೆ ಕೂರುತ್ತಾರೆ. ಎರಡು ವಾರ ಕಳೆದರೂ ಬೇಸರ ಬಿಡದಿದ್ದರೆ ವಿದ್ಯಾರ್ಥಿಗಳ ಆರೋಗ್ಯ ಕೇಂದ್ರಕ್ಕೋ ಮನೆ ಹತ್ತಿರದ ಕ್ಲಿನಿಕ್ಕಿಗೋ ಹೋಗಲೇಬೇಕು. ವಿಟಮಿನ್ ಡಿ ವಿಷಯ ಬೇರೆ. ಚಳಿಗಾಲದ ಸೂರ್ಯ ಇಲ್ಲಿ ನಡುಮಧ್ಯಾಹ್ನವೂ ಸುಮಾರು 23 ಡಿಗ್ರಿಯಷ್ಟೇ ಮೇಲೇರುವುದರಿಂದ ಆ ಬಿಸಿಲಿಗೆ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಶಕ್ತಿ ಇರುವುದಿಲ್ಲ. ಅದಕ್ಕೇ ಕೆನಡಾದಲ್ಲಿ ಹಸುವಿನ ಹಾಲಿಗೆ ಅದನ್ನು ಕಡ್ಡಾಯವಾಗಿ ಬೆರೆಸುತ್ತಾರೆ. ನಮ್ಮ ಮೈಬಣ್ಣದವರಿಗೆ ಕೊರತೆ ಬೇಗ ಕಾಡುತ್ತದೆ. ಮಾತ್ರೆ ಎಷ್ಟು ಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.

ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಮತ್ತೆ ಮುಂದಕ್ಕೆ ಹೋಗುತ್ತದೆ, ಸಂಜೆ ಏಳರವರೆಗೂ ಬೆಳಕು. ಹೊಸಬರು ಬೂಟು ಒಳಗಿಟ್ಟು ಕ್ಯಾನ್ವಾಸ್ ಶೂ ಹಾಕುವುದು ಆಗಲೇ. ಆದರೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ದಿನಗಳು ಮಾರ್ಚಿನಲ್ಲೂ ಸಾಲುಸಾಲಾಗಿ ಬರುತ್ತವೆ, ಗಡಿಯಾರ ಮುಂದೆ ಹೋದ್ದರಿಂದ ಬೆಳಗಿನ ಏಳು ಗಂಟೆ ಮತ್ತೆ ಕತ್ತಲು. ಏಪ್ರಿಲ್ ನಡುವಿನವರೆಗೂ ಬೂಟು ಬಾಗಿಲ ಹತ್ತಿರವೇ ಇರಲಿ.